ಮುಂಜಾನೆಯ ಎತ್ತರ, ಸಂಜೆಯ ಎತ್ತರ

ಇವತ್ತು ನಾನು ಮಾತಾಡುವುದು ಒಂದು ಅರ್ಜಿಯ ಬಗ್ಗೆ. ಅರ್ಧ ಹಾಳೆಯ ಅರ್ಜಿ ಅದು. ಸಮವಸ್ತ್ರದ ಒಂದು ಹುದ್ದೆಗೆ ದೇಹದಾರ್ಢ್ಯತೆ ಪರೀಕ್ಷೆಗೆ ಹೋಗಿದ್ದ ಒಬ್ಬ ಹೆಣ್ಣುಮಗಳು ಪರೀಕ್ಷೆಯ ಮೈದಾನದಲ್ಲೇ ಕೂತು ಅದನ್ನು ಬರೆದಳು. ಯಾವ ಇಲಾಖೆ, ಯಾವ ಊರು ಎಂಬುದು ಇಲ್ಲಿ ಬೇಡ. ನಾನು ಬಹಳ ವರ್ಷ ವೈದ್ಯಕೀಯ ವಿದ್ಯಾರ್ಥಿಗಳಿಗೆ ಶರೀರಕ್ರಿಯಾ ಶಾಸ್ತ್ರ ಕಲಿಸಿದವನು. ಅವಳಿಗೆ ಓಟದ ತರಬೇತಿ ಕೊಟ್ಟ ದೈಹಿಕ ಶಿಕ್ಷಣದ ಮೇಷ್ಟ್ರು ನನ್ನ ಸ್ನೇಹಿತರು. ಅವರ ಮೂಲಕ ಆ ಅರ್ಜಿಯ ನಕಲು ನನ್ನ ಕೈಗೆ ಬಂತು, ಆಮೇಲೆ ಅವಳೂ ಬಂದಳು. ಬಂದವಳು ಕೇಳಿದ ಮೊದಲ ಮಾತೇ ಇದು: "ಸರ, ಮುಂಜಾನಿ ಪಾಸ್ ಆಗಿದ್ದಾಕಿ ಸಂಜಿಗೆ ಹ್ಯಾಂಗ ಗಿಡ್ಡ ಆದ್ನಿ?"

ಮೊದಲು ಅರ್ಜಿಯನ್ನೇ ಓದುತ್ತೇನೆ.

"ಮಾನ್ಯ ಅಧ್ಯಕ್ಷಾಧಿಕಾರಿಗಳಿಗೆ. ವಿಷಯ: ಎತ್ತರದ ಮರು ಅಳತೆ ಕೋರಿ. ಮಾನ್ಯರೆ, ಈ ದಿನ ಮುಂಜಾನೆ ಸುಮಾರು 7.30ಕ್ಕೆ ಗೇಟಿನ ಬಳಿ ನಡೆದ ಪ್ರಾಥಮಿಕ ಅಳತೆಯಲ್ಲಿ ನನ್ನ ಎತ್ತರ 157.4 ಸೆಂ.ಮೀ. ಎಂದು ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ. ಓಟ, ಉದ್ದ ಜಿಗಿತ, ಗುಂಡು ಎಸೆತ ಮುಗಿದ ಮೇಲೆ ಸಂಜೆ ಸುಮಾರು 4.20ಕ್ಕೆ ಬೇರೆ ಸ್ಟ್ಯಾಂಡಿನಲ್ಲಿ ಅಳೆದಾಗ 156.6 ಸೆಂ.ಮೀ. ಬಂದಿದೆ. ಬೇಕಾದ ಎತ್ತರ 157 ಸೆಂ.ಮೀ. ಎರಡೂ ಅಳತೆಗಳನ್ನು ಒಂದೊಂದೇ ಸಲ ತೆಗೆದಿದ್ದಾರೆ. ಸಂಜೆಯ ಅಳತೆಯಲ್ಲಿ ನನ್ನ ತುರುಬು ಹಿಂದಿನ ಹಲಗೆಗೆ ತಾಗಿ ತಲೆ ಮುಂದಕ್ಕೆ ಬಾಗಿತ್ತು. ಆದ್ದರಿಂದ ನಾಳೆ ಮುಂಜಾನೆ ವೈದ್ಯಾಧಿಕಾರಿಗಳ ಎದುರು, ಪರೀಕ್ಷಿಸಿದ ಒಂದೇ ಸ್ಟ್ಯಾಂಡಿನಲ್ಲಿ, ಕೂದಲು ಬಿಚ್ಚಿಸಿ, ಮೂರು ಸಲ ಅಳೆದು, ಸಮಯವನ್ನೂ ನಮೂದಿಸಬೇಕೆಂದು ಕೋರುತ್ತೇನೆ. ಆ ಅಳತೆ ಏನೇ ಬಂದರೂ ಒಪ್ಪುತ್ತೇನೆ. ತಮ್ಮ ವಿಶ್ವಾಸಿ." ಕೆಳಗೆ ಸಹಿ, ನೋಂದಣಿ ಸಂಖ್ಯೆ, ದಿನಾಂಕ.

ಇದಕ್ಕೂ ಮುಂಚೆ ಅವಳು ಇನ್ನೊಂದು ಅರ್ಜಿ ಬರೆದಿದ್ದಳು, ಪ್ರವೇಶಪತ್ರದ ಜೆರಾಕ್ಸ್ ಪ್ರತಿಯ ಹಿಂಬದಿಗೆ. ಅದನ್ನೂ ತೋರಿಸಿದಳು. ತಂದೆಯ ಎರಡೆಕರೆ ಬೆದ್ದಲು, ತಾಯಿಯ ಕೂಲಿ, ತಮ್ಮನ ಓದು, ಈ ನೌಕರಿಯ ಮೇಲೆ ಮನೆಯವರೆಲ್ಲ ಇಟ್ಟ ಆಸೆ, ಎಲ್ಲ ಅದರಲ್ಲಿತ್ತು. ಒಂದಕ್ಷರವೂ ಸುಳ್ಳಲ್ಲ. ಓದಿದಾಗ ನನ್ನ ಕಣ್ಣು ತುಂಬಿತು. ಆದರೆ ಅದನ್ನು ಓದಿದ ಅಧಿಕಾರಿ ಏನು ಮಾಡಬಲ್ಲರು? ಕಷ್ಟ ನೋಡಿ 4 ಮಿಲಿಮೀಟರ್ ಬಿಟ್ಟುಕೊಡುವ ಅಧಿಕಾರ ಅವರಿಗಿಲ್ಲ. ಅಳತೆಯಲ್ಲಿ ಸಂಶಯವಿದ್ದರೆ ಮತ್ತೊಮ್ಮೆ ಅಳೆಸುವ ಅಧಿಕಾರ ಮಾತ್ರ ಇದೆ. ಎರಡನೇ ಅರ್ಜಿ ಕೇಳಿದ್ದು ಅಷ್ಟನ್ನೇ. ಅಳತೆಯಲ್ಲಿ ಏನು ಸಂಶಯ, ಅದನ್ನು ಹೇಗೆ ಬಗೆಹರಿಸಬಹುದು ಎಂದು ಸಂಖ್ಯೆ, ಗಂಟೆ, ಕಾರಣಗಳ ಸಮೇತ ಹೇಳಿತು. ಮೇಷ್ಟ್ರು ತರಬೇತಿಯ ಹೊತ್ತಿನಲ್ಲಿ ಹೇಳಿಕೊಟ್ಟ ಮಾತು ಅವಳಿಗೆ ಸಮಯಕ್ಕೆ ನೆನಪಾಯಿತು. ಹೇಳಿಕೊಡುವವರು ಯಾರೂ ಇಲ್ಲದೆ, ಚೀಟಿ ಮಡಚಿಕೊಂಡು ಬಸ್ಸು ಹತ್ತಿ ಮನೆಗೆ ಹೋಗುವ ಮಕ್ಕಳು ಎಷ್ಟೋ. ಅವರಿಗಾಗಿಯೇ ಈ ಮಾತು ಆಡುತ್ತಿದ್ದೇನೆ.

ಈಗ ಅವಳ ಪ್ರಶ್ನೆಗೆ ಬರೋಣ. ಮುಂಜಾನೆಯಿಂದ ಸಂಜೆಗೆ ಮನುಷ್ಯ ಗಿಡ್ಡನಾಗುತ್ತಾನೆಯೇ? ಆಗುತ್ತಾನೆ. ನೀವೂ ಆಗುತ್ತೀರಿ, ನಾನೂ ಆಗುತ್ತೇನೆ, ಪ್ರತಿದಿನ.

ನಮ್ಮ ಬೆನ್ನೆಲುಬು ಒಂದೇ ಎಲುಬಲ್ಲ, ಒಂದರ ಮೇಲೊಂದು ಕೂತ ಮಣಿಗಳ ಸಾಲು. ಮಣಿ ಮಣಿಗಳ ನಡುವೆ ಮೆತ್ತನೆಯ ಬಿಲ್ಲೆಗಳಿವೆ. "ಡಿಸ್ಕ್ ಜರುಗಿದೆ" ಎಂದು ಜನ ಹೇಳುತ್ತಾರಲ್ಲ, ಆ ಡಿಸ್ಕುಗಳೇ ಇವು. ಕುತ್ತಿಗೆಯಿಂದ ಸೊಂಟದ ತನಕ ಒಟ್ಟು 23. ಬೆನ್ನೆಲುಬಿನ ಉದ್ದದಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಇವುಗಳದೇ. ಪ್ರತಿ ಡಿಸ್ಕಿನ ಹೊರಗೆ ಗಟ್ಟಿ ನಾರಿನ ಸುತ್ತು, ಒಳಗೆ ಲೋಳೆಯಂಥ ತಿರುಳು. ಹರೆಯದಲ್ಲಿ ಆ ತಿರುಳಿನ ಬಹುಪಾಲು ನೀರೇ. ಅದರಲ್ಲಿರುವ ಪ್ರೋಟಿಯೋಗ್ಲೈಕಾನ್ ಎಂಬ ದೊಡ್ಡ ಅಣುಗಳಿಗೆ ನೀರನ್ನು ಎಳೆದುಕೊಳ್ಳುವ ಗುಣವಿದೆ. ನಾವು ಮಲಗಿದಾಗ ಡಿಸ್ಕಿನ ಮೇಲಿನ ಭಾರ ಇಳಿಯುತ್ತದೆ, ತಿರುಳು ಸುತ್ತಲಿನಿಂದ ನೀರು ಹೀರಿ, ರಾತ್ರಿ ನೆನೆಹಾಕಿದ ಕಡಲೆಯ ಹಾಗೆ ಬೆಳಗಾಗುವುದರೊಳಗೆ ಉಬ್ಬುತ್ತದೆ. ಎದ್ದು ನಿಂತೊಡನೆ ತಲೆ, ತೋಳು, ಮುಂಡ ಎಲ್ಲದರ ಭಾರ ಮತ್ತೆ ಅದರ ಮೇಲೆ ಬೀಳುತ್ತದೆ. ನೀರು ನಿಧಾನವಾಗಿ ಹೊರಗೆ ಹೋಗುತ್ತದೆ. ಒಂದೊಂದು ಡಿಸ್ಕು ತಗ್ಗುವುದು ಒಂದು ಮಿಲಿಮೀಟರಿಗಿಂತ ಕಡಿಮೆ. ಆದರೆ ಇಪ್ಪತ್ತಮೂರೂ ಸೇರಿದರೆ ಅದು ಅಳತೆಪಟ್ಟಿಯಲ್ಲಿ ಕಾಣುವಷ್ಟಾಗುತ್ತದೆ.

ಎಷ್ಟು ಕಾಣುತ್ತದೆ? 1935ರಲ್ಲಿ ಡಿ ಪೂಕಿ ಎಂಬ ವೈದ್ಯ ಸಾವಿರದ ಇನ್ನೂರಕ್ಕೂ ಹೆಚ್ಚು ಜನರನ್ನು ಅಳೆದು, ದಿನದ ವ್ಯತ್ಯಾಸ ಸರಾಸರಿ ಹದಿನೈದು ಹದಿನಾರು ಮಿಲಿಮೀಟರ್, ಅಂದರೆ ಎತ್ತರದ ಸುಮಾರು ನೂರರಲ್ಲೊಂದು ಪಾಲು ಎಂದು ಕಂಡುಕೊಂಡ. 1985ರಲ್ಲಿ ಟಿರೆಲ್, ರೈಲಿ, ಟ್ರೂಪ್ ಎಂಬ ಮೂವರು ಇಂಗ್ಲೆಂಡಿನಲ್ಲಿ ಇನ್ನೂ ಸೂಕ್ಷ್ಮವಾಗಿ ಅಳೆದಾಗ ಬಂದದ್ದು ಸುಮಾರು 19 ಮಿಲಿಮೀಟರ್. ಅವರ ಕೆಲಸದಲ್ಲಿ ನಮಗೆ ಮುಖ್ಯವಾದದ್ದು ಬೇರೆಯೇ ಇದೆ. ಈ ಇಳಿತ ದಿನವಿಡೀ ಒಂದೇ ಸಮನಾಗಿ ನಡೆಯುವುದಿಲ್ಲ. ಅರ್ಧಕ್ಕಿಂತ ಹೆಚ್ಚು ಪಾಲು ಎದ್ದ ಮೊದಲ ಒಂದು ಗಂಟೆಯಲ್ಲೇ ಆಗಿಹೋಗುತ್ತದೆ, ಉಳಿದದ್ದು ಸಂಜೆಯ ತನಕ ಸಾವಕಾಶವಾಗಿ. ಏರುವಾಗಲೂ ಹಾಗೆಯೇ, ರಾತ್ರಿಯ ಮೊದಲರ್ಧದಲ್ಲೇ ಬಹುಪಾಲು ಮರಳಿ ಬರುತ್ತದೆ.

ಇದು ಹೊಸ ಸುದ್ದಿಯೂ ಅಲ್ಲ. ಇಂಗ್ಲೆಂಡಿನ ಐನೋ ಎಂಬ ಹಳ್ಳಿಯ ಪಾದ್ರಿ ವಾಸ್ ಎಂಬಾತ ಲಂಡನ್ನಿನ ವೈದ್ಯ ಮೀಡ್‌ಗೆ ಬರೆದ ಪತ್ರವೊಂದು 1724ರ 'ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್' ಪತ್ರಿಕೆಯಲ್ಲಿ ಅಚ್ಚಾಗಿದೆ. ಅದರ ವಿಷಯವೇ ಮನುಷ್ಯನ ಮುಂಜಾನೆಯ ಎತ್ತರಕ್ಕೂ ರಾತ್ರಿಯ ಎತ್ತರಕ್ಕೂ ಇರುವ ವ್ಯತ್ಯಾಸ. ಆತನಿಗೆ ಇದು ಹೊಳೆದದ್ದು ಎಲ್ಲಿಂದ ಗೊತ್ತೇ? ಸೈನ್ಯದ ಭರ್ತಿಯಿಂದ. ಮುಂಜಾನೆ ಅಳೆದು ಸೇರಿಸಿಕೊಂಡ ಕೆಲವರನ್ನು ಸಂಜೆ ಮತ್ತೆ ಅಳೆದಾಗ ಎತ್ತರ ಸಾಲದೆಂದು ಕಳಿಸಿಬಿಟ್ಟಿದ್ದರು. ಆತ ಬೇರೆ ಹಲವರನ್ನು ಅಳೆದು ನೋಡಿ, ವ್ಯತ್ಯಾಸ ಎಷ್ಟೋ ಸಲ ಒಂದು ಇಂಚಿನ ತನಕ ಇರುತ್ತದೆ ಎಂದು ಬರೆದ. ಮುನ್ನೂರು ವರ್ಷ ಹಿಂದೆ ಹೊರಬಿದ್ದವರ ಸಂಕಟವೂ ಇವಳ ಸಂಕಟವೂ ಒಂದೇ. ಇಷ್ಟು ಕಾಲದಿಂದ ಗೊತ್ತಿರುವ ವಿಷಯಕ್ಕೆ ಅಳತೆಯ ನಮೂನೆಯಲ್ಲಿ ಒಂದು ಅಂಕಣ ಬೇಕೆಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಆ ಮಾತಿಗೆ ಆಮೇಲೆ ಬರುತ್ತೇನೆ.

ಈಗ ಈ ಹುಡುಗಿಯ ಲೆಕ್ಕ ನೋಡೋಣ. ಗೇಟಿನಲ್ಲಿ 157.4, ಸಂಜೆ 156.6, ನಡುವೆ 8 ಮಿಲಿಮೀಟರ್. ಇದರಲ್ಲಿ ಮೈಯ ಪಾಲೆಷ್ಟು, ಅಳೆದ ರೀತಿಯ ಪಾಲೆಷ್ಟು? ಬರೀ ಈ ಎರಡು ಸಂಖ್ಯೆ ಇಟ್ಟುಕೊಂಡು ಹೇಳಲಾಗದು, ಏಕೆಂದರೆ ಗಂಟೆಯೂ ಬದಲಾಗಿದೆ, ಸ್ಟ್ಯಾಂಡೂ ಬದಲಾಗಿದೆ, ಅಳೆದ ಕೈಯೂ ಬದಲಾಗಿದೆ. ಬೇರ್ಪಡಿಸುವ ದಾರಿ ಒಂದೇ, ಗಂಟೆಯೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ಹಾಗೇ ಇಟ್ಟು ಅಳೆಯುವುದು. ಪರೀಕ್ಷೆಯೆಲ್ಲ ಮುಗಿದ ಮೇಲೆ ಒಂದು ದಿನ ಮೇಷ್ಟ್ರು ಕಾಲೇಜಿನ ಸ್ಟೇಡಿಯೊಮೀಟರಿನಲ್ಲಿ, ಅಂದರೆ ಎತ್ತರ ಅಳೆಯುವ ಸ್ಟ್ಯಾಂಡಿನಲ್ಲಿ, ಅವಳನ್ನು ಮೂರು ಹೊತ್ತಿನಲ್ಲಿ ಅಳೆದರು. ಪ್ರತಿ ಹೊತ್ತಿನಲ್ಲೂ ಮೂರು ಸಲ ಅಳೆದು ನಡುವಿನ ಸಂಖ್ಯೆ ಬರೆದುಕೊಂಡರು. ಅವಳು ಎದ್ದದ್ದು ಮುಂಜಾನೆ 5.45ಕ್ಕೆ. 6.45ಕ್ಕೆ 157.6, ಹತ್ತಕ್ಕೆ 157.1, ಸಂಜೆ 4.20ಕ್ಕೆ 156.8.

ಈ ಮೂರು ಸಂಖ್ಯೆಗಳು ಎಲ್ಲವನ್ನೂ ಹೇಳುತ್ತವೆ. ಎದ್ದು ಒಂದು ಗಂಟೆಯಾದ ಮೇಲೂ, ಅಂದರೆ ದೊಡ್ಡ ಇಳಿತವೆಲ್ಲ ಮುಗಿದ ಮೇಲೂ, ಸಂಜೆಗೆ ಇನ್ನೂ 8 ಮಿಲಿಮೀಟರ್ ಇಳಿದಿದೆ. ಗೇಟಿನ ಅಳತೆ ಆದದ್ದು 7.30ಕ್ಕೆ. ಆ ಹೊತ್ತಿಗೆ ಅವಳ ಎತ್ತರ 157.4ರ ಆಸುಪಾಸು ಇದ್ದಿರಬೇಕು ಎಂದುಕೊಂಡರೆ, ಸಂಜೆಯ 156.8ಕ್ಕೆ ಹೋಲಿಸಿದಾಗ ಮೈಯ ಪಾಲು ಸುಮಾರು 6 ಮಿಲಿಮೀಟರ್. ಮೈದಾನದಲ್ಲಿ ಸಂಜೆ ಬಂದದ್ದು 156.6. ಆ ಉಳಿದ ಎರಡು ಮಿಲಿಮೀಟರ್ ನಿಲುವು, ತುರುಬು, ಸ್ಟ್ಯಾಂಡು, ಓದಿದ ಕಣ್ಣು, ಓಟದ ಆಯಾಸ ಇವೆಲ್ಲವುಗಳಿಗೆ ಸೇರಿದ್ದು. ಓಟವನ್ನು ಸುಮ್ಮನೆ ಸೇರಿಸಲಿಲ್ಲ. ಓಡುವಾಗ ಪ್ರತಿ ಹೆಜ್ಜೆಗೂ ಬೆನ್ನೆಲುಬಿನ ಮೇಲೆ ಹೊಡೆತ ಬೀಳುತ್ತದೆ. ದೂರದ ಓಟ ಮುಗಿಸಿದವರ ಎತ್ತರ ಕೆಲವು ಮಿಲಿಮೀಟರ್ ತಗ್ಗುವುದನ್ನು ಅಳೆದು ತೋರಿಸಿದ್ದಾರೆ. ಅವಳು ಓಡಿದ್ದು ಸ್ವಲ್ಪ ದೂರ, ಆದರೆ ಜಿಗಿತವೂ ಇತ್ತು, ಮೇಲೆ ಇಡೀ ದಿನ ಬಿಸಿಲಲ್ಲಿ ಸಾಲಿನಲ್ಲಿ ನಿಂತಿದ್ದಳು.

ಇನ್ನೊಂದು ಸಂಗತಿ ಅವಳ ಅರ್ಜಿಯಲ್ಲಿ ಇರಲಿಲ್ಲ, ಮಾತಿನ ನಡುವೆ ಬಂತು. ಪರೀಕ್ಷೆಯ ಹಿಂದಿನ ರಾತ್ರಿ ಅವಳು ಮಲಗಿರಲೇ ಇಲ್ಲ. ಊರಿನಿಂದ ರಾತ್ರಿ ಬಸ್ಸಿನಲ್ಲಿ ಕೂತೇ ಬಂದಿದ್ದಳು. 1960ರ ದಶಕದಲ್ಲಿ ಸ್ವೀಡನ್ನಿನ ಆಲ್ಫ್ ನ್ಯಾಕೆಮ್ಸನ್ ಎಂಬ ವೈದ್ಯ ಡಿಸ್ಕಿನ ಒಳಗೇ ಸೂಜಿ ಇಳಿಸಿ ಒತ್ತಡ ಅಳೆದಿದ್ದ. ಮಲಗಿದಾಗ ಅದು ನಿಂತಾಗಿನದಕ್ಕಿಂತ ತೀರಾ ಕಡಿಮೆ. ಕೂತಾಗ ಹಾಗೆ ಇಳಿಯುವುದಿಲ್ಲ. ಸೀಟಿನಲ್ಲಿ ಕಣ್ಣು ಮುಚ್ಚಿದರೆ ನಿದ್ದೆ ಸ್ವಲ್ಪ ಆದೀತು, ಡಿಸ್ಕಿಗೆ ವಿಶ್ರಾಂತಿ ಆಗದು. ಪರೀಕ್ಷೆಯ ಊರಿನಲ್ಲಿ ನೆಂಟರ ಮನೆಯಲ್ಲಿ ಮಲಗಿ ಬಂದವರಿಗೂ ಬಸ್ಸಿನಲ್ಲಿ ಕೂತು ಬಂದವರಿಗೂ ಶುರುವಿನಲ್ಲೇ ಕೆಲವು ಮಿಲಿಮೀಟರಿನ ಅಂತರ ಬೀಳಬಹುದು. ದೂರದ ಹಳ್ಳಿಯ, ಕೈಯಲ್ಲಿ ಕಾಸಿಲ್ಲದ ಮಕ್ಕಳಿಗೆ ಈ ಅಂತರ ಎರಡು ಪಟ್ಟು ನೋವಿನದು, ಏಕೆಂದರೆ ಅವರಿಗೆ ಅದು ಗೊತ್ತೇ ಇರುವುದಿಲ್ಲ.

ಈಗ ತುರುಬಿನ ಮಾತು. ಇದನ್ನು ಸಣ್ಣದೆಂದು ತಳ್ಳಿಹಾಕಬೇಡಿ. ಎತ್ತರ ಅಳೆಯುವ ಸರಿಯಾದ ಕ್ರಮ ಹೀಗಿದೆ. ಬರಿಗಾಲು, ಎರಡೂ ಹಿಮ್ಮಡಿ ಕೂಡಿ ನೆಲಕ್ಕೆ ಊರಿರಬೇಕು. ಹಿಮ್ಮಡಿ, ಪೃಷ್ಠ, ಭುಜದೆಲುಬು, ತಲೆಯ ಹಿಂಭಾಗ ಹಿಂದಿನ ಹಲಗೆಗೆ ತಾಗಬೇಕು. ಮೈಯ ರಚನೆಯಿಂದಾಗಿ ಕೆಲವರಿಗೆ ಎಲ್ಲವೂ ಒಟ್ಟಿಗೆ ತಾಗುವುದಿಲ್ಲ, ಅದಕ್ಕೆ ಒತ್ತಾಯ ಮಾಡಬಾರದು. ತಲೆಯ ನಿಲುವೇ ಮುಖ್ಯ. ಕಣ್ಣಿನ ಗುಣಿಯ ಕೆಳಗಿನ ಅಂಚೂ ಕಿವಿಯ ತೂತಿನ ಮೇಲಿನ ಅಂಚೂ ನೆಲಕ್ಕೆ ಸಮಾನಾಂತರವಾಗಿ ಒಂದೇ ಗೆರೆಯಲ್ಲಿ ಬರಬೇಕು. ಇದಕ್ಕೆ ಫ್ರಾಂಕ್‌ಫರ್ಟ್ ಸಮತಲ ಎನ್ನುತ್ತಾರೆ. ಗದ್ದ ಕೆಳಗಾದರೂ ಮೇಲಾದರೂ ನೆತ್ತಿ ತಗ್ಗುತ್ತದೆ. ತುರುಬು ಕಟ್ಟಿದವರು ಹಲಗೆಗೆ ಒರಗಿದರೆ ತುರುಬು ತಲೆಯನ್ನು ಮುಂದಕ್ಕೆ ನೂಕುತ್ತದೆ, ಗದ್ದ ಎದೆಯ ಕಡೆ ಬಾಗುತ್ತದೆ, ಅಳತೆಯಲ್ಲಿ ಕೆಲವು ಮಿಲಿಮೀಟರ್ ಹೋಗುತ್ತದೆ. ಅದೇ ತುರುಬು ನೆತ್ತಿಯ ಮೇಲಿದ್ದರೆ ಉಲ್ಟಾ, ಇಲ್ಲದ ಎತ್ತರ ಬರುತ್ತದೆ. ಆದ್ದರಿಂದ ಕೂದಲು ಬಿಚ್ಚಿ ಬದಿಗೆ ಸರಿಸಿ, ಜಾರುವ ಪಟ್ಟಿಯನ್ನು ನೆತ್ತಿಗೆ ಮುಟ್ಟುವ ತನಕ ಒತ್ತಿ, ಉಸಿರು ಪೂರ್ತಿ ಎಳೆದು ಹಿಡಿದಾಗ ಓದಬೇಕು. ಓದುವವರ ಕಣ್ಣು ಪಟ್ಟಿಯ ಮಟ್ಟಕ್ಕೆ ಇರಬೇಕು. ಕೆಳಗಿನಿಂದಲೋ ಮೇಲಿನಿಂದಲೋ ಓರೆಯಾಗಿ ನೋಡಿದರೆ ಗೆರೆ ಒಂದೆರಡು ಮಿಲಿಮೀಟರ್ ಜರುಗಿ ಕಾಣುತ್ತದೆ.

ಸ್ಟ್ಯಾಂಡನ್ನೂ ಪರೀಕ್ಷಿಸಬೇಕು. ಗೋಡೆಗೆ ಬಣ್ಣದಲ್ಲಿ ಬರೆದ ಗೆರೆಗಳು, ಅಂಟಿಸಿದ ಕಾಗದದ ಟೇಪು ಇವು ನಂಬಿಕೆಗೆ ಅರ್ಹವಲ್ಲ. ಗೋಡೆಯ ಬುಡದಲ್ಲಿ ಕಲ್ಲಿನ ಪಟ್ಟಿ ಹೊರಚಾಚಿದ್ದರೆ ಹಿಮ್ಮಡಿ ಹಿಂದಕ್ಕೆ ಹೋಗುವುದಿಲ್ಲ, ನಿಲುವೇ ಬದಲಾಗುತ್ತದೆ. ಮಣ್ಣಿನ ನೆಲದ ಮೇಲೆ ಸ್ಟ್ಯಾಂಡು ವಾಲಿರಬಹುದು. ಹಳೆಯ ಸ್ಟ್ಯಾಂಡಿನ ಪಟ್ಟಿ ಸಡಿಲವಾಗಿ ತುದಿ ಕೆಳಗೆ ಜೋಲುತ್ತದೆ. ಇದನ್ನು ಪತ್ತೆಹಚ್ಚಲು ದೊಡ್ಡ ವಿದ್ಯೆಯೇನೂ ಬೇಡ. ಪಟ್ಟಿಯನ್ನು 150ಕ್ಕೆ ನಿಲ್ಲಿಸಿ, ಪಾದ ಇಡುವ ಜಾಗದಿಂದ ಪಟ್ಟಿಯ ತಳದ ತನಕ ಒಳ್ಳೆಯ ಸ್ಟೀಲ್ ಟೇಪಿನಲ್ಲಿ ಅಳೆದರೆ ಸಾಕು. 150 ಬಂದರೆ ಸರಿ. 149.7 ಬಂದರೆ, ಆ ಸ್ಟ್ಯಾಂಡು ಎಲ್ಲರಿಗೂ 3 ಮಿಲಿಮೀಟರ್ ಹೆಚ್ಚು ಕೊಡುತ್ತಿದೆ. 150.3 ಬಂದರೆ ಎಲ್ಲರಿಂದ ಅಷ್ಟನ್ನು ಕಳೆಯುತ್ತಿದೆ. ಪರೀಕ್ಷೆಯ ದಿನ ಮುಂಜಾನೆ ಒಮ್ಮೆ, ಮಧ್ಯಾಹ್ನ ಒಮ್ಮೆ ಹೀಗೆ ನೋಡಿ ಬರೆದಿಟ್ಟರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಅರ್ಜಿಯ ಗತಿ ಏನಾಯಿತು ಎಂದು ನೀವು ಕೇಳುತ್ತೀರಿ. ಅಧಿಕಾರಿ ಅದನ್ನು ಓದಿ, ಎರಡು ಚೀಟಿಗಳನ್ನೂ ನೋಡಿ, ಮರುದಿನ ಮುಂಜಾನೆ ಬರಲು ಹೇಳಿದರು. ಅವಳು ಆ ರಾತ್ರಿ ಊರಿಗೆ ಹೋಗಲಿಲ್ಲ, ಗೆಳತಿಯ ಸೋದರತ್ತೆಯ ಮನೆಯಲ್ಲಿ ನೆಲದ ಮೇಲೆ ಚಾಪೆ ಹಾಸಿ ಮಲಗಿದಳು. ಮರುದಿನ ಹತ್ತರ ಸುಮಾರಿಗೆ ವೈದ್ಯರ ಎದುರು ಕೂದಲು ಬಿಚ್ಚಿಸಿ ಮೂರು ಸಲ ಅಳೆದರು. 157.1, 157.0, 157.1. ಗೆರೆ ದಾಟಿದಳು. ಕಾಲೇಜಿನಲ್ಲಿ ಆಮೇಲೆ ಅದೇ ಹೊತ್ತಿಗೆ ಬಂದದ್ದೂ 157.1. ಎರಡು ಬೇರೆ ಸ್ಟ್ಯಾಂಡು, ಬೇರೆ ಕೈ, ಬೇರೆ ದಿನ, ಆದರೂ ಗಂಟೆ ಒಂದೇ ಆಗಿ ಕ್ರಮ ಸರಿಯಿದ್ದಾಗ ಸಂಖ್ಯೆ ಒಂದೇ ಬಂತು. ನನಗೆ ಅವಳು ಪಾಸಾದದ್ದಕ್ಕಿಂತಲೂ ಹೆಚ್ಚು ಸಮಾಧಾನ ಕೊಟ್ಟದ್ದು ಇದು.

ಅವಳ ಜೊತೆಗೆ ಬಂದಿದ್ದ ಗೆಳತಿಗೆ ಸಂಜೆ 155.2 ಬಂದಿತ್ತು. ಅವಳೂ ಅರ್ಜಿ ಕೊಟ್ಟಳು, ಮರುದಿನ 155.7 ಬಂತು, ಹೊರಗೆ ಉಳಿದಳು. "ನಂದೂ ಅಷ್ಟ ಏರಬೇಕಿತ್ತಲ್ಲರಿ ಸರ?" ಎಂದು ಕೇಳಿದಳು. ಅವಳಿಗೆ ನಾನು ಇದ್ದದ್ದನ್ನೇ ಹೇಳಬೇಕಾಯಿತು. ಅವಳದ್ದೂ ಏರಿದೆ, ಅರ್ಧ ಸೆಂಟಿಮೀಟರ್. ಆದರೆ ಕೊರತೆ 1.8 ಇತ್ತು. ಹಾಸಿಗೆಯಿಂದ ಎದ್ದ ಕ್ಷಣದಲ್ಲೇ ಅಳೆದಿದ್ದರೂ ಅವಳು 157 ಮುಟ್ಟುತ್ತಿದ್ದಳೋ ಇಲ್ಲವೋ, ಮುಟ್ಟಿದರೂ ಕೆಲವೇ ನಿಮಿಷ. ಮರು ಅಳತೆ ಸಂಶಯವನ್ನು ತೆಗೆಯುತ್ತದೆ, ಎತ್ತರವನ್ನು ಕೊಡುವುದಿಲ್ಲ. ಗೆರೆಗಿಂತ ಒಂದು ಸೆಂಟಿಮೀಟರಿನ ಒಳಗೆ ಕಡಿಮೆ ಬಂದವರಿಗೆ ಅದು ನಿಜವಾಗಿ ಅರ್ಥವುಳ್ಳದ್ದು. ಅದಕ್ಕಿಂತ ಕೆಳಗೆ ಬಂದವರು ಅಳೆದ ರೀತಿಯಲ್ಲಿ ಕಣ್ಣಿಗೆ ಕಾಣುವ ತಪ್ಪಿದ್ದರೆ ಮಾತ್ರ ಕೇಳಬೇಕು. ಈ ಗೆಳತಿ ಆಮೇಲೆ ಎತ್ತರ ಹೆಚ್ಚಿಸುವ ಮಾತ್ರೆಯ ಜಾಹೀರಾತೊಂದನ್ನು ತೋರಿಸಿದಳು. ಅವಳಿಗೆ ಇಪ್ಪತ್ತೆರಡು ವಯಸ್ಸು. ಉದ್ದನೆಯ ಎಲುಬುಗಳ ತುದಿಯಲ್ಲಿರುವ ಬೆಳವಣಿಗೆಯ ಮೃದ್ವಸ್ಥಿ ಹೆಣ್ಣುಮಕ್ಕಳಲ್ಲಿ ಹದಿಹರೆಯ ಮುಗಿಯುವ ಹೊತ್ತಿಗೇ ಗಟ್ಟಿಯಾಗಿರುತ್ತದೆ. ಆಮೇಲೆ ಯಾವ ಮಾತ್ರೆಯೂ, ಯಾವ ಪುಡಿಯೂ ಎಲುಬನ್ನು ಉದ್ದ ಮಾಡಲಾರದು. ಆ ದುಡ್ಡನ್ನು ಎತ್ತರದ ನಿಯಮವಿಲ್ಲದ ಬೇರೊಂದು ಪರೀಕ್ಷೆಯ ಪುಸ್ತಕಕ್ಕೆ ಹಾಕು ಮಗಳೇ ಎಂದು ಬೇಡಿಕೊಂಡೆ.

ಅಳತೆಗೆ ಮುಂಚೆ ಸ್ವಲ್ಪ ಹೊತ್ತು ಮಲಗಿದರೆ ಅದು ಮೋಸವೇ ಎಂದು ಮೇಷ್ಟ್ರು ಕೇಳಿದ್ದರು. ಅಲ್ಲ. ಮಲಗಿ ಸಿಗುವ ಎತ್ತರ ನಿಮ್ಮ ಮೈಯದ್ದೇ. ಅರ್ಧ ಗಂಟೆ ಅಂಗಾತ ಮಲಗಿ ಮೊಣಕಾಲು ಮಡಚಿ ಕಾಲು ಎತ್ತರಕ್ಕೆ ಇಟ್ಟುಕೊಂಡರೆ ದಿನದಲ್ಲಿ ಕಳೆದದ್ದರ ಒಂದು ಪಾಲು ಮರಳುತ್ತದೆ. ಆದರೆ ಎದ್ದು ಸಾಲಿನಲ್ಲಿ ನಿಂತರೆ ಅದು ಬೇಗನೆ ಇಳಿದೂ ಹೋಗುತ್ತದೆ. ಬಾರಿಗೆ ಜೋತುಬೀಳುವುದರ ಫಲವೂ ಅಷ್ಟೇ ಹೊತ್ತಿನದು, ಜೊತೆಗೆ ಭುಜ ನೋಯುತ್ತದೆ, ಗುಂಡು ಎಸೆಯುವ ಕೈ ಸೋಲುತ್ತದೆ. ಹಿಮ್ಮಡಿಯಡಿ ಏನಾದರೂ ಇಟ್ಟುಕೊಳ್ಳುವುದು, ಕೂದಲೊಳಗೆ ಬಟ್ಟೆ ಸುತ್ತಿಕೊಳ್ಳುವುದು ಮೋಸ. ಅದು ಸಿಕ್ಕಿಬಿದ್ದರೆ ಪ್ರಾಮಾಣಿಕವಾಗಿ ಮರು ಅಳತೆ ಕೇಳುವ ಹತ್ತು ಜನರ ಮೇಲೂ ಸಂಶಯ ಬೀಳುತ್ತದೆ.

ಒಂದು ಆಕ್ಷೇಪವಿದೆ, ಅದು ನ್ಯಾಯವಾದದ್ದೇ. ಮುಂಜಾನೆಯ ಎತ್ತರ ನಿಜ, ಸಂಜೆಯದು ಸುಳ್ಳು ಎಂದು ಹೇಳಲು ನಾವು ಯಾರು? ಹಾಗೆ ಹೇಳಲಾಗದು. ಎರಡೂ ನಿಜ. ಮನುಷ್ಯನ ಎತ್ತರ ಒಂದೇ ಸಂಖ್ಯೆಯಲ್ಲ, ಒಂದೂವರೆ ಸೆಂಟಿಮೀಟರ್ ಅಗಲದ ಒಂದು ವ್ಯಾಪ್ತಿ ಅದು. ನನ್ನ ತಕರಾರು ಬೇರೆ. 157 ಎಂಬ ಗೆರೆಯನ್ನು ಏಳೂವರೆಗೆ ಕರೆದವಳಿಗೂ ನಾಲ್ಕೂವರೆಗೆ ಕರೆದವಳಿಗೂ ಒಂದೇ ಎಂದು ಇಟ್ಟಾಗ ಅದು ಒಂದೇ ಗೆರೆಯಾಗಿ ಉಳಿಯುವುದಿಲ್ಲ. ನೋಂದಣಿ ಸಂಖ್ಯೆ ಹಿಂದಿರುವವಳು, ಸಾಲಿನ ಕೊನೆಗೆ ನಿಂತವಳು, ಅರ್ಧ ಸೆಂಟಿಮೀಟರ್ ಹೆಚ್ಚು ಎತ್ತರದ ಗೆರೆ ದಾಟಬೇಕಾಗುತ್ತದೆ. ಒಂದು ಹುದ್ದೆಗೆ ನೂರಾರು ಜನ ನಿಂತಿರುವ ನಮ್ಮ ನಾಡಿನಲ್ಲಿ ಆ ಅರ್ಧ ಸೆಂಟಿಮೀಟರಿನಲ್ಲಿ ಎಷ್ಟು ಮನೆಗಳ ಬದುಕು ಸಿಕ್ಕಿಕೊಂಡಿದೆ ಎಂದು ಯೋಚಿಸಿದರೆ ನನಗೆ ಸುಮ್ಮನಿರಲಾಗುವುದಿಲ್ಲ. ಇದನ್ನು ಸರಿಪಡಿಸಲು ಹೆಚ್ಚು ಖರ್ಚೂ ಇಲ್ಲ. ಎತ್ತರವನ್ನು ಓಟಕ್ಕಿಂತ ಮುಂಚೆ ಅಳೆಯಲಿ. ನಮೂನೆಯಲ್ಲಿ ಅಳತೆಯ ಪಕ್ಕದಲ್ಲಿ ಗಂಟೆಗೊಂದು ಅಂಕಣ ಬರಲಿ. ಗೆರೆಗಿಂತ ಒಂದು ಸೆಂಟಿಮೀಟರಿನ ಒಳಗೆ ಕಡಿಮೆ ಬಂದವರನ್ನು, ಅವರು ಕೇಳದಿದ್ದರೂ, ಮರುದಿನ ಮುಂಜಾನೆ ಎಲ್ಲರನ್ನೂ ಒಂದೇ ಹೊತ್ತಿಗೆ ಮೂರು ಸಲ ಅಳೆಯಲಿ. ಎಲ್ಲರೂ ಮರು ಅಳತೆ ಕೇಳಿದರೆ ಕೆಲಸ ಸಾಗುವುದು ಹೇಗೆ ಎನ್ನುವ ಅಧಿಕಾರಿಗಳಿಗೂ ಇದೇ ಉತ್ತರ. ಆ ಒಂದು ಸೆಂಟಿಮೀಟರಿನೊಳಗೆ ಬರುವವರು ಇಡೀ ಸಾಲಲ್ಲ, ಅದರ ಒಂದು ಸಣ್ಣ ಪಾಲು.

ಅಲ್ಲಿಯ ತನಕ ಅಭ್ಯರ್ಥಿಗಳು ತಮ್ಮ ಎಚ್ಚರದಲ್ಲಿ ತಾವಿರಬೇಕು. ಅಧಿಸೂಚನೆಯಲ್ಲಿ ಮೇಲ್ಮನವಿಯ ಸಾಲನ್ನು ಹುಡುಕಿ ಮೊದಲೇ ಓದಿಟ್ಟುಕೊಳ್ಳಿ. ಕೇಂದ್ರ ಸಶಸ್ತ್ರ ಪಡೆಗಳ ಕಾನ್‌ಸ್ಟೆಬಲ್ ನೇಮಕಾತಿಯ ಅಧಿಸೂಚನೆಗಳಲ್ಲಿ, ಎತ್ತರ ಅಥವಾ ಎದೆಯ ಅಳತೆಯಲ್ಲಿ ಅನರ್ಹರಾದವರು ಮೈದಾನದಲ್ಲೇ ಇರುವ ಮೇಲ್ಮನವಿ ಪ್ರಾಧಿಕಾರಕ್ಕೆ ಅಧ್ಯಕ್ಷಾಧಿಕಾರಿಯ ಮೂಲಕ ಮನವಿ ಕೊಡಬಹುದು, ಅವರ ತೀರ್ಮಾನವೇ ಕೊನೆಯದು ಎಂದು ಬರೆದಿರುತ್ತಾರೆ. ಅಂದರೆ ಗೇಟು ದಾಟಿ ಹೊರಗೆ ಬಂದ ಮೇಲೆ ಬರೆದ ಅರ್ಜಿಗೆ ಬೆಲೆ ಬಹಳ ಕಡಿಮೆ. ಆಮೇಲೆ ಉಳಿಯುವುದು ಹೈಕೋರ್ಟಿನ ದಾರಿ. ಎತ್ತರದ ಅಳತೆಯ ತಕರಾರುಗಳು ಅಲ್ಲಿಗೂ ಹೋಗಿವೆ, ಸರ್ಕಾರಿ ಆಸ್ಪತ್ರೆಯಲ್ಲಿ ಮತ್ತೆ ಅಳೆಯಿರಿ ಎಂದು ಕೋರ್ಟು ಹೇಳಿದ್ದೂ ಉಂಟು. ಆದರೆ ಕೂಲಿಯವರ ಮಗಳಿಗೆ ಆ ದಾರಿ ಎಷ್ಟು ದೂರ ಎಂದು ನಾನು ಹೇಳಬೇಕಿಲ್ಲ.

ಆದ್ದರಿಂದ ಜೇಬಿನಲ್ಲಿ ಒಂದು ಬಿಳಿ ಹಾಳೆ, ಒಂದು ಪೆನ್ನು ಇರಲಿ. ಸಾಧ್ಯವಾದರೆ ಹಿಂದಿನ ದಿನವೇ ಊರು ಸೇರಿ, ಚಾಪೆಯಾದರೂ ಸರಿ, ಮೈ ಚಾಚಿ ಮಲಗಿ. ಅಳೆಯುವಾಗ ತಲೆ ಬಾಗಿದ್ದರೆ, ಪಟ್ಟಿ ಓರೆಯಾಗಿದ್ದರೆ ಅಲ್ಲೇ ವಿನಯದಿಂದ ಹೇಳಿ. ಅಳತೆ ಕೇಳಿದೊಡನೆ ಅಲ್ಲಿ ಗೋಡೆಯ ಮೇಲಿರುವ ಗಡಿಯಾರವನ್ನು ನೋಡಿಯೋ ಅಳೆಯುವವರನ್ನು ಕೇಳಿಯೋ ಗಂಟೆ ತಿಳಿದುಕೊಳ್ಳಿ, ಏಕೆಂದರೆ ಮೊಬೈಲು ಗೇಟಿನಲ್ಲೇ ಉಳಿದಿರುತ್ತದೆ. ಅನರ್ಹ ಎಂದು ಬರೆದ ಕಾಗದಕ್ಕೆ ಸಹಿ ಹಾಕುವ ಮೊದಲು, ಆ ಸಂಖ್ಯೆಯ ಪಕ್ಕದಲ್ಲಿ ಗಂಟೆಯನ್ನೂ ಬರೆಯುವಂತೆ ಕೇಳಿಕೊಳ್ಳಿ. ಅವರು ಬರೆಯದಿದ್ದರೆ ನಿಮ್ಮ ಅರ್ಜಿಯಲ್ಲಿ ನೀವೇ ಬರೆಯಿರಿ, ಮತ್ತು ಅರ್ಜಿ ತಲುಪಿದೆ ಎಂಬುದಕ್ಕೆ ನಕಲಿನ ಮೇಲೆ ಒಂದು ಸಹಿ ಪಡೆದುಕೊಂಡೇ ಗೇಟಿನಿಂದ ಹೊರಗೆ ಬನ್ನಿ.